ಪ್ರಶ್ನೆಯ ಕೊನೆಯಲ್ಲಿ ಕೊಟ್ಟ ಲಾಗ್

ಪಿಯುಸಿ ಮುಗಿಸಿ ಸಿಇಟಿ, ನೀಟ್, ಜೆಇಇ ಮೇನ್ ಬರೆಯುವ ಮಕ್ಕಳಿಗೆ ಪರೀಕ್ಷೆಯ ಕೊಠಡಿಯೊಳಗೆ ಕ್ಯಾಲ್ಕುಲೇಟರ್ ಒಯ್ಯಲು ಅನುಮತಿಯಿಲ್ಲ. ಲಾಗ್ ಟೇಬಲ್ ಪುಸ್ತಕವನ್ನೂ ಕೊಡುವುದಿಲ್ಲ. ಆದರೂ ರಸಾಯನಶಾಸ್ತ್ರದಲ್ಲಿ ಬಫರ್ ದ್ರಾವಣದ ಪಿಎಚ್ ಕಂಡುಹಿಡಿಯಿರಿ ಎಂಬ ಪ್ರಶ್ನೆಗಳು ಬರುತ್ತವೆ, ಅವಕ್ಕೆ ಲಾಗ್ ಇಲ್ಲದೆ ಉತ್ತರ ಸಿಗುವುದಿಲ್ಲ. ಅದಕ್ಕಾಗಿ ಪ್ರಶ್ನೆಯ ಕೊನೆಗೆ ಆವರಣದೊಳಗೋ ಚೌಕಟ್ಟಿನೊಳಗೋ ಒಂದು ಸಾಲು ಸೇರಿಸಿರುತ್ತಾರೆ: log 2 = 0.30. ಕೆಲವೊಮ್ಮೆ ಅದರ ಪಕ್ಕದಲ್ಲೇ log 3 = 0.48 ಎಂದೂ ಇರುತ್ತದೆ.

ಹೆಚ್ಚಿನ ವಿದ್ಯಾರ್ಥಿಗಳು ಈ ಸಾಲನ್ನು ಲೆಕ್ಕದ ಕೊನೆಯಲ್ಲಿ, ಲಾಗ್ ಬೇಕಾದಾಗ ಮಾತ್ರ ನೋಡುತ್ತಾರೆ. ಅದನ್ನು ಲೆಕ್ಕ ಶುರುಮಾಡುವ ಮೊದಲೇ ಒಮ್ಮೆ ಓದಬೇಕು, ಉತ್ತರಕ್ಕೆ ಗುರುತು ಹಾಕುವ ಮೊದಲು ಮತ್ತೊಮ್ಮೆ ಓದಬೇಕು ಎನ್ನುವುದು ನನ್ನ ಅಭಿಪ್ರಾಯ. ಪ್ರಶ್ನೆ ಬರೆದವರು ತಾವೇ ಲೆಕ್ಕ ಮಾಡಿ ನೋಡಿ, ಎಲ್ಲಿ ಯಾವ ಸಂಖ್ಯೆಯ ಲಾಗ್ ಬೇಕಾಯಿತೋ ಅದನ್ನೇ ಅಲ್ಲಿ ಬರೆದಿರುತ್ತಾರೆ. ಹಾಗಾಗಿ ಆ ಸಾಲು ನೆರವೂ ಹೌದು, ಸುಳಿವೂ ಹೌದು. ಆ ಸುಳಿವನ್ನು ಎಷ್ಟು ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ಒಂದು ಲೆಕ್ಕ ಹಿಡಿದುಕೊಂಡೇ ನೋಡೋಣ.

ಮೊದಲು ಬಫರ್ ಅಂದರೇನು ಎಂಬುದು. ಸ್ವಲ್ಪ ಆಮ್ಲವನ್ನೋ ಕ್ಷಾರವನ್ನೋ ಸೇರಿಸಿದರೂ ಪಿಎಚ್ ಹೆಚ್ಚು ಅಲುಗದ ದ್ರಾವಣಕ್ಕೆ ಬಫರ್ ಎನ್ನುತ್ತಾರೆ. ಇದನ್ನು ತಯಾರಿಸಲು ಒಂದು ದುರ್ಬಲ ಆಮ್ಲ ಮತ್ತು ಅದೇ ಆಮ್ಲದ ಲವಣ ಎರಡೂ ಒಂದೇ ಪಾತ್ರೆಯಲ್ಲಿ ಇರಬೇಕು. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ ಪಠ್ಯಪುಸ್ತಕಗಳ ಕಾಯಂ ಜೋಡಿ. ಹೊರಗಿನಿಂದ ಆಮ್ಲ ಬಂದರೆ ಲವಣದ ಅಸಿಟೇಟ್ ಅಯಾನು ಅದನ್ನು ಹಿಡಿದು ಅಸಿಟಿಕ್ ಆಮ್ಲವಾಗುತ್ತದೆ. ಕ್ಷಾರ ಬಂದರೆ ಅಸಿಟಿಕ್ ಆಮ್ಲ ಅದರೊಡನೆ ವರ್ತಿಸಿ ಅಸಿಟೇಟ್ ಆಗುತ್ತದೆ. ಎರಡೂ ಕಡೆ ಕಾವಲಿಗೆ ಆಳು ಇರುವುದರಿಂದ ಪಿಎಚ್ ಏಕಾಏಕಿ ಜಿಗಿಯುವುದಿಲ್ಲ.

ಈ ದ್ರಾವಣದ ಪಿಎಚ್ ಎಷ್ಟೆಂದು ಹೇಳುವ ಸೂತ್ರ ಹೀಗಿದೆ:

pH = pKa + log ([ಲವಣ] / [ಆಮ್ಲ])

ಇದರಲ್ಲಿ ಪಿಕೆಎ ಎಂಬುದು ಆಯಾ ಆಮ್ಲದ ಸ್ವಂತ ಗುಣ. ಅಸಿಟಿಕ್ ಆಮ್ಲಕ್ಕೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 4.74. ಉಳಿದದ್ದೆಲ್ಲ ಲವಣಕ್ಕೂ ಆಮ್ಲಕ್ಕೂ ಇರುವ ಅನುಪಾತದ ಮಾತು. ಅನುಪಾತ 1 ಆದರೆ ಅದರ ಲಾಗ್ ಸೊನ್ನೆ, ಪಿಎಚ್ ಪಿಕೆಎಗೆ ಸಮ. ಲವಣ ಹೆಚ್ಚಿದ್ದರೆ ಪಿಎಚ್ ಪಿಕೆಎಗಿಂತ ಮೇಲೆ, ಆಮ್ಲ ಹೆಚ್ಚಿದ್ದರೆ ಕೆಳಗೆ. ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಬಳಕೆಗೆ ತಂದವರು ಡೆನ್ಮಾರ್ಕಿನ ಸೊರೆನ್ಸೆನ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಅವರು ಕೆಲಸ ಮಾಡುತ್ತಿದ್ದರು. ದ್ರಾವಣಗಳಲ್ಲಿ ಹೈಡ್ರೋಜನ್ ಅಯಾನಿನ ಪ್ರಮಾಣ ಲೀಟರಿಗೆ ಒಂದು ಮೋಲ್‌ನಿಂದ ಹಿಡಿದು ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕೂ ಕೆಳಗೆ ಹರಡಿರುತ್ತದೆ. ಅಷ್ಟು ಸೊನ್ನೆಗಳನ್ನು ಬರೆಯುತ್ತ ಕೂರುವುದಕ್ಕಾಗದೆ ಅವರು ಲಾಗ್ ಹಿಡಿದರು. ನಮ್ಮ ಮಕ್ಕಳ ಪ್ರಶ್ನೆಪತ್ರಿಕೆಗೆ ಲಾಗ್ ಬಂದು ಸೇರಿದ್ದು ಅಲ್ಲಿಂದ.

ಈಗ ಪ್ರಶ್ನೆಗೆ ಬರೋಣ. ಪ್ರವೇಶ ಪರೀಕ್ಷೆಗಳಲ್ಲಿ ಬರುವ ಮಾದರಿಯಲ್ಲೇ ನಾನು ಒಂದನ್ನು ಕಟ್ಟಿದ್ದೇನೆ.

"0.3 ಮೋಲಾರ್ ಅಸಿಟಿಕ್ ಆಮ್ಲದ 100 ಮಿ.ಲೀ. ದ್ರಾವಣಕ್ಕೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ 100 ಮಿ.ಲೀ. ಬೆರೆಸಲಾಗಿದೆ. ಮಿಶ್ರಣದ ಪಿಎಚ್ ಎಷ್ಟು? (ಅಸಿಟಿಕ್ ಆಮ್ಲದ pKa = 4.74, log 2 = 0.30)"

ಇದರಲ್ಲಿ ಬಫರ್ ಎಂಬ ಪದವೇ ಇಲ್ಲ ಎಂಬುದನ್ನು ಗಮನಿಸಿ. ಲವಣವನ್ನೂ ಯಾರೂ ಸುರಿದಿಲ್ಲ. ಆಮ್ಲಕ್ಕೆ ಕ್ಷಾರ ಬೆರೆಸಿದ್ದಾರೆ ಅಷ್ಟೆ. ಅವೆರಡೂ ಸೇರಿದಾಗ ಏನಾಗುತ್ತದೆ ಎಂದು ಮೊದಲು ಎಣಿಸಬೇಕು. ಎಣಿಕೆಗೆ ಮಿಲಿಮೋಲ್ ಅನುಕೂಲ. ಮೊಲಾರಿಟಿಯನ್ನು ಮಿಲಿಲೀಟರ್‌ನಿಂದ ಗುಣಿಸಿದರೆ ಸಾಕು. ಆಮ್ಲ 0.3 × 100, ಅಂದರೆ 30 ಮಿಲಿಮೋಲ್. ಕ್ಷಾರ 0.1 × 100, ಅಂದರೆ 10 ಮಿಲಿಮೋಲ್.

ಸೋಡಿಯಂ ಹೈಡ್ರಾಕ್ಸೈಡ್ ಪ್ರಬಲ ಕ್ಷಾರ, ಆದ್ದರಿಂದ ಅದು ಪೂರ್ತಿ ಖರ್ಚಾಗುತ್ತದೆ. ಅದರ 10 ಮಿಲಿಮೋಲ್ ಅಷ್ಟೇ ಪ್ರಮಾಣದ ಅಸಿಟಿಕ್ ಆಮ್ಲವನ್ನು ತಟಸ್ಥಗೊಳಿಸಿ 10 ಮಿಲಿಮೋಲ್ ಸೋಡಿಯಂ ಅಸಿಟೇಟನ್ನು ಉಂಟುಮಾಡುತ್ತದೆ. ಆಮ್ಲದಲ್ಲಿ ಉಳಿದದ್ದು 20. ಈಗ ಪಾತ್ರೆಯಲ್ಲಿ 20 ಆಮ್ಲ, 10 ಲವಣ. ಕೈಯಲ್ಲಿದ್ದ ಎರಡು ದ್ರಾವಣಗಳು ಸೇರಿ ಬಫರ್ ತಾನಾಗಿಯೇ ಹುಟ್ಟಿತು.

pH = 4.74 + log (10/20) = 4.74 − log 2 = 4.74 − 0.30 = 4.44

ಇಲ್ಲಿ ಅತಿ ಹೆಚ್ಚು ಮಕ್ಕಳು ಜಾರುವ ಜಾಗ ಯಾವುದೆಂದರೆ, ಆಮ್ಲದಿಂದ 10 ಕಳೆಯುವುದನ್ನು ಮರೆಯುವುದು. ಲವಣ 10 ಎಂದು ಸರಿಯಾಗಿ ಬರೆದು, ಆಮ್ಲವನ್ನು ಹಳೆಯ 30 ಆಗಿಯೇ ಇಟ್ಟುಬಿಡುತ್ತಾರೆ. ಆಗ ಅನುಪಾತ 10/30, ಅಂದರೆ ಮೂರನೇ ಒಂದು ಭಾಗ. ಮುಂದಕ್ಕೆ ಹೋಗಲು log 3 ಬೇಕು. ಪ್ರಶ್ನೆಯಲ್ಲಿ log 3 ಇಲ್ಲ. ಚೌಕಟ್ಟಿನ ಸಾಲು ಕೆಲಸಕ್ಕೆ ಬರುವುದು ಈ ಕ್ಷಣದಲ್ಲಿ. ಲೆಕ್ಕ ಮಾಡುತ್ತ ಹೋದಾಗ ಕೊಡದೇ ಇರುವ ಲಾಗ್ ಒಂದು ಬೇಕೆನಿಸಿದರೆ, ಬಾಯಿಪಾಠ ಮಾಡಿದ 0.48 ಅನ್ನು ನೆನಪಿಸಿಕೊಂಡು ಮುಂದುವರಿಯಬಾರದು. ನಿಲ್ಲಬೇಕು, ಮಿಲಿಮೋಲ್ ಎಣಿಕೆಗೆ ವಾಪಸಾಗಬೇಕು. ಹತ್ತಕ್ಕೆ ಒಂಬತ್ತು ಸಲ ತಪ್ಪು ಅಲ್ಲೇ ಸಿಗುತ್ತದೆ. ಲಾಗ್‌ಗಳನ್ನು ಕಂಠಪಾಠ ಮಾಡಿಕೊಂಡ ಜಾಣ ವಿದ್ಯಾರ್ಥಿಗಳೇ ಇಲ್ಲಿ ಹೆಚ್ಚು ಅಪಾಯದಲ್ಲಿರುತ್ತಾರೆ, ಯಾಕೆಂದರೆ ಅವರನ್ನು ತಡೆದು ನಿಲ್ಲಿಸಲು ಏನೂ ಇರುವುದಿಲ್ಲ. 4.74ರಿಂದ 0.48 ಕಳೆದರೆ 4.26. ಆಯ್ಕೆಗಳಲ್ಲಿ 4.26 ಕಾದು ಕುಳಿತಿರುತ್ತದೆ, ಏಕೆಂದರೆ ತಪ್ಪು ಆಯ್ಕೆಗಳನ್ನು ಬರೆಯುವವರು ಸಾಮಾನ್ಯವಾಗಿ ವಿದ್ಯಾರ್ಥಿಗಳು ಮಾಡುವ ತಪ್ಪುಗಳಿಂದಲೇ ಅವನ್ನು ಹೆಕ್ಕುತ್ತಾರೆ.

ಎರಡನೆಯ ಜಾರುವಿಕೆ ಚಿಹ್ನೆಯದು. ಲವಣವನ್ನು ಕೆಳಗೆ, ಆಮ್ಲವನ್ನು ಮೇಲೆ ಬರೆದರೆ ಅನುಪಾತ 2 ಆಗುತ್ತದೆ, ಉತ್ತರ 5.04. ಇಲ್ಲಿ ಚೌಕಟ್ಟು ಎಚ್ಚರಿಸುವುದಿಲ್ಲ. ಎರಡರ ಲಾಗನ್ನೇ ಎರಡು ಕಡೆಯೂ ಬಳಸುತ್ತೇವೆ. ಇದಕ್ಕೆ ಬೇರೆಯೇ ಪರೀಕ್ಷೆ ಬೇಕು, ಅದು ಸುಲಭದ್ದೇ: ಪಾತ್ರೆಯಲ್ಲಿ ಆಮ್ಲ ಹೆಚ್ಚಿದೆಯೇ, ಲವಣ ಹೆಚ್ಚಿದೆಯೇ? ಆಮ್ಲ ಹೆಚ್ಚಿದ್ದರೆ ಪಿಎಚ್ ಪಿಕೆಎಗಿಂತ ಕಡಿಮೆ ಇರಲೇಬೇಕು. 20ಕ್ಕೆ 10 ಇರುವ ಈ ದ್ರಾವಣದ ಪಿಎಚ್ 4.74ಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಸೂತ್ರ ತಲೆಕೆಳಗಾಗಿ ನೆನಪಾದರೂ ಈ ಒಂದು ಯೋಚನೆ ಅಂಕ ಉಳಿಸುತ್ತದೆ.

ಗಾತ್ರದ ಬಗ್ಗೆಯೂ ಒಂದು ಮಾತು. ಬೆರೆಸಿದ ಮೇಲೆ ದ್ರಾವಣ 200 ಮಿ.ಲೀ. ಆಯಿತು, ಹಾಗಾದರೆ 200ರಿಂದ ಭಾಗಿಸಬೇಡವೇ ಎಂದು ಕೇಳುವವರಿದ್ದಾರೆ. ಭಾಗಿಸಿದರೂ ತಪ್ಪಿಲ್ಲ, ಭಾಗಿಸದಿದ್ದರೂ ತಪ್ಪಿಲ್ಲ. ಆಮ್ಲ ಮತ್ತು ಲವಣ ಎರಡೂ ಒಂದೇ ಪಾತ್ರೆಯ ಅದೇ 200 ಮಿ.ಲೀ.ನಲ್ಲಿ ಇರುವುದರಿಂದ ಅಂಶದಲ್ಲೂ ಛೇದದಲ್ಲೂ 200 ಬಂದು ಹೊಡೆದುಹೋಗುತ್ತದೆ. ಒಂದನ್ನು 100ರಿಂದ, ಇನ್ನೊಂದನ್ನು 200ರಿಂದ ಭಾಗಿಸಿದವರಿಗೆ ಮಾತ್ರ ತೊಂದರೆ.

ಈಗ ಇದೇ ಬಫರ್‌ಗೆ ಇನ್ನೊಂದು ಹೆಜ್ಜೆ ಸೇರಿಸೋಣ. ಅದೇ ಪಾತ್ರೆಗೆ 4 ಮಿಲಿಮೋಲ್ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದರೆ ಪಿಎಚ್ ಎಷ್ಟಾಗುತ್ತದೆ? ಗಾತ್ರ ಬದಲಾಗಲಿಲ್ಲ ಎಂದಿಟ್ಟುಕೊಳ್ಳಿ. ಬಂದ ಆಮ್ಲವನ್ನು ಅಸಿಟೇಟ್ ಹಿಡಿದುಕೊಳ್ಳುತ್ತದೆ. ಲವಣ 10ರಿಂದ 6ಕ್ಕೆ ಇಳಿಯಿತು, ಅಸಿಟಿಕ್ ಆಮ್ಲ 20ರಿಂದ 24ಕ್ಕೆ ಏರಿತು. ಅನುಪಾತ 6/24, ಅಂದರೆ ನಾಲ್ಕನೇ ಒಂದು ಭಾಗ.

log 4 ಕೊಟ್ಟಿಲ್ಲವಲ್ಲ ಎಂದು ಗಾಬರಿಯಾಗಬೇಕಿಲ್ಲ. ನಾಲ್ಕು ಎಂದರೆ ಎರಡೆರಡಲ ನಾಲ್ಕು. ಅದರ ಲಾಗ್ ಎರಡು ಸಲ 0.30, ಅಂದರೆ 0.60. ಪಿಎಚ್ 4.74 − 0.60 = 4.14.

ಅದೇ 4 ಮಿಲಿಮೋಲ್ ಆಮ್ಲವನ್ನು 200 ಮಿ.ಲೀ. ಬರೀ ನೀರಿಗೆ ಹಾಕಿದ್ದರೆ? ಹೈಡ್ರೋಜನ್ ಅಯಾನಿನ ಸಾರತೆ 4/200, ಅಂದರೆ 0.02 ಮೋಲಾರ್. ಇದನ್ನು 2 × 10⁻² ಎಂದು ಬರೆದರೆ ಪಿಎಚ್ 2 − 0.30 = 1.70. ಶುದ್ಧ ನೀರಿನ ಪಿಎಚ್ 7 ಇದ್ದದ್ದು 5.30ರಷ್ಟು ಕುಸಿಯಿತು. ಬಫರ್‌ನಲ್ಲಿ ಅದೇ ಆಮ್ಲ ಪಿಎಚ್ ಅನ್ನು 4.44ರಿಂದ 4.14ಕ್ಕೆ, ಅಂದರೆ ಕೇವಲ 0.30ರಷ್ಟು ಇಳಿಸಿತು. ಬಫರ್ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಮೂರೂ ಲೆಕ್ಕಗಳು log 2 ಎಂಬ ಒಂದೇ ಬೆಲೆಯಲ್ಲಿ ಮುಗಿದವು ಎಂಬುದನ್ನೂ ನೋಡಿ.

ಈ ಒಂದು ಬೆಲೆ ಇಷ್ಟೆಲ್ಲ ಕೆಲಸ ಮಾಡುವುದು ಹೇಗೆ? 2 ಅನ್ನು ಹತ್ತು ಸಲ ಗುಣಿಸುತ್ತ ಹೋದರೆ 1024 ಬರುತ್ತದೆ. 10 ಅನ್ನು ಮೂರು ಸಲ ಗುಣಿಸಿದರೆ 1000. ಎರಡೂ ಹೆಚ್ಚುಕಡಿಮೆ ಒಂದೇ. ಹತ್ತು ಎರಡುಗಳು ಮೂರು ಹತ್ತುಗಳಿಗೆ ಸಮವಾದರೆ, ಒಂದು ಎರಡು ಎಂಬುದು ಹತ್ತರ 3/10 ಘಾತ, ಅಂದರೆ 0.3 ಘಾತ. log 2 = 0.30 ಎಂಬುದರ ಅರ್ಥ ಇಷ್ಟೇ. 1024 ಸಾವಿರಕ್ಕಿಂತ ತುಸು ಹೆಚ್ಚಿರುವುದರಿಂದ ನಿಜವಾದ ಬೆಲೆಯೂ 0.3ಕ್ಕಿಂತ ತುಸು ಹೆಚ್ಚು: 0.3010. ಇನ್ನು 10 ಎಂಬುದು 2 × 5 ಆದ್ದರಿಂದ ಐದರ ಲಾಗ್ 1 − 0.30 = 0.70 ಎಂದು ಪುಕ್ಕಟೆ ಸಿಗುತ್ತದೆ. ಹೀಗೆ ಎರಡರ ಲಾಗ್ ಗೊತ್ತಿದ್ದರೆ 4, 5, 8, 20, 50 ಎಲ್ಲವೂ ಗೊತ್ತಾದಂತೆ. ಆದರೆ 3 ಸಿಗುವುದಿಲ್ಲ, 7 ಸಿಗುವುದಿಲ್ಲ. ಅವನ್ನು 2 ಮತ್ತು 10ರ ಗುಣಾಕಾರ ಭಾಗಾಕಾರದಿಂದ ಕಟ್ಟಲು ಆಗುವುದಿಲ್ಲ. ಮೇಲಿನ ಪ್ರಶ್ನೆಯಲ್ಲಿ ಮೂರು ಎದುರಾದಾಗ ನಿಲ್ಲಬೇಕು ಎಂದದ್ದು ಇದಕ್ಕೇ.

ಹಾಗೆಂದು log 3 ಕೊಟ್ಟಾಗಲೆಲ್ಲ ಅನುಪಾತದಲ್ಲಿ ಮೂರು ಬರುತ್ತದೆ ಎಂದು ತಿಳಿಯಬಾರದು. ಕೆಲವು ಪ್ರಶ್ನೆಗಳಲ್ಲಿ ಪಿಕೆಎ ಕೊಡದೆ ಅಸಿಟಿಕ್ ಆಮ್ಲದ Ka = 1.8 × 10⁻⁵ ಎಂದಷ್ಟೇ ಕೊಡುತ್ತಾರೆ. ಅದರಿಂದ ಪಿಕೆಎ ಪಡೆಯಲು 1.8ರ ಲಾಗ್ ಬೇಕು. 1.8 ಎಂದರೆ 2 × 3 × 3 ÷ 10. ಲಾಗ್ 0.30 + 0.48 + 0.48 − 1 = 0.26. ಪಿಕೆಎ 5 − 0.26 = 4.74. ಇಲ್ಲಿ log 3 ಬಂದಿರುವುದು ಪಿಕೆಎಗಾಗಿ. ಅನುಪಾತಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ರೂಪದಲ್ಲಿ ಪ್ರಶ್ನೆ ಬಂದರೆ 10/30 ಎಂದು ತಪ್ಪು ಮಾಡಿದವರನ್ನು ತಡೆಯುವ ಗೋಡೆಯೇ ಇರುವುದಿಲ್ಲ. ಆದ್ದರಿಂದ ಚೌಕಟ್ಟಿನಲ್ಲಿ ಎರಡು ಲಾಗ್ ಕಂಡರೆ ಯಾವುದು ಯಾವ ಕೆಲಸಕ್ಕೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಚೌಕಟ್ಟಿನ ಸುಳಿವಿಗೆ ಇದಕ್ಕಿಂತ ದೊಡ್ಡ ಮಿತಿಯೊಂದಿದೆ. ಅದು ನಿಮ್ಮ ಅಂಕಗಣಿತವನ್ನು ಪರೀಕ್ಷಿಸಬಲ್ಲದು, ಪಾತ್ರೆಯಲ್ಲಿರುವುದು ಬಫರ್ ಹೌದೋ ಅಲ್ಲವೋ ಎಂದು ಹೇಳಲಾರದು. ನಮ್ಮ ಪ್ರಶ್ನೆಯನ್ನೇ ಸ್ವಲ್ಪ ತಿರುಚಿ, ಆಮ್ಲವನ್ನು 0.3ರ ಬದಲು 0.1 ಮೋಲಾರ್ ಮಾಡೋಣ. ಈಗ ಆಮ್ಲ 10 ಮಿಲಿಮೋಲ್, ಕ್ಷಾರ 10 ಮಿಲಿಮೋಲ್. ಒಂದನ್ನೊಂದು ಪೂರ್ತಿ ತಿಂದುಹಾಕಿದವು. ಆಮ್ಲ ಉಳಿಯಲೇ ಇಲ್ಲ, ಇರುವುದು ಲವಣ ಮಾತ್ರ. ಇಲ್ಲಿ ಬಫರ್ ಸೂತ್ರ ಹಾಕಿದರೆ ಛೇದ ಸೊನ್ನೆಯಾಗುತ್ತದೆ. ಬಳಸಬೇಕಾದದ್ದು ಲವಣದ ಜಲವಿಚ್ಛೇದನೆಯ ಸೂತ್ರ:

pH = 7 + ½ (pKa + log C)

C ಎಂದರೆ ಲವಣದ ಸಾರತೆ. ಬಫರ್‌ನಲ್ಲಿ ಹೊಡೆದುಹೋಗಿದ್ದ 200 ಮಿ.ಲೀ. ಇಲ್ಲಿ ಹೊಡೆದುಹೋಗುವುದಿಲ್ಲ. 10/200, ಅಂದರೆ 0.05 ಮೋಲಾರ್. ಅದರ ಲಾಗ್ 0.70 − 2 = −1.30. ಪಿಕೆಎ ಜೊತೆ ಕೂಡಿಸಿದರೆ 3.44, ಅದರ ಅರ್ಧ 1.72, ಪಿಎಚ್ 8.72. ಇದಕ್ಕೂ ಬೇಕಾದದ್ದು log 2 ಒಂದೇ! ಅಂದರೆ ಅದೇ ಪಿಕೆಎ, ಅದೇ log 2 ಇರುವ ಚೌಕಟ್ಟು ಎರಡು ಬೇರೆ ಬೇರೆ ಸೂತ್ರದ ಪ್ರಶ್ನೆಗಳ ಕೊನೆಯಲ್ಲಿ ಕೂತಿರಬಹುದು. ಕ್ಷಾರ ಆಮ್ಲಕ್ಕಿಂತ ಹೆಚ್ಚಾಗಿದ್ದರಂತೂ ಪಿಕೆಎಗೆ ಕೆಲಸವೇ ಇಲ್ಲ. ಉಳಿದ ಸೋಡಿಯಂ ಹೈಡ್ರಾಕ್ಸೈಡೇ ಪಿಎಚ್ ಅನ್ನು ತೀರ್ಮಾನಿಸುತ್ತದೆ. ಚೌಕಟ್ಟಿನಲ್ಲಿ ಪಿಕೆಎ ಇದೆ ಎಂದ ಮಾತ್ರಕ್ಕೆ ಅದನ್ನು ಬಳಸಲೇಬೇಕೆಂದಿಲ್ಲ. ಯಾವುದು ಉಳಿಯಿತು ಎಂಬ ಮಿಲಿಮೋಲ್ ಎಣಿಕೆಯೊಂದೇ ದಾರಿ ತೋರಿಸುತ್ತದೆ.

ಕ್ಷಾರೀಯ ಬಫರ್ ಇನ್ನೊಂದು ಬಗೆಯ ಬಲೆ. ಅಮೋನಿಯ 0.1 ಮೋಲಾರ್, ಅಮೋನಿಯಂ ಕ್ಲೋರೈಡ್ 0.2 ಮೋಲಾರ್ ಇರುವ ದ್ರಾವಣ ಎಂದುಕೊಳ್ಳಿ. ಅಮೋನಿಯದ pKb ಕೂಡ ಸುಮಾರು 4.74, ಅದೊಂದು ಕಾಕತಾಳೀಯ. ಲವಣ ಮೇಲೆ, ಕ್ಷಾರ ಕೆಳಗೆ ಇಟ್ಟು ಸೂತ್ರ ಹಾಕಿದರೆ 4.74 + 0.30 = 5.04. ಆದರೆ ಇದು ಪಿಎಚ್ ಅಲ್ಲ, ಪಿಒಎಚ್. 14ರಿಂದ ಕಳೆದಾಗ ಸಿಗುವ 8.96 ಪಿಎಚ್. ಎಲ್ಲ ಸರಿಯಾಗಿ ಮಾಡಿ, 5.04 ನೋಡಿದೊಡನೆ ಖುಷಿಯಾಗಿ ಗುರುತು ಹಾಕಿ ಬರುವವರು ಬಹಳ. ಅಮೋನಿಯ ಇರುವ ದ್ರಾವಣ ಹೀಗೆ ಆಮ್ಲೀಯವಾಗಿ ತೋರಿದರೆ ಅನುಮಾನ ಬರಬೇಕು.

ಪ್ರಶ್ನೆಯನ್ನು ಹಿಂದುಮುಂದಾಗಿಯೂ ಕೇಳುತ್ತಾರೆ: ಅಸಿಟಿಕ್ ಆಮ್ಲ 0.1 ಮೋಲ್ ಇರುವ ದ್ರಾವಣದ ಪಿಎಚ್ 5.04 ಆಗಬೇಕಾದರೆ ಎಷ್ಟು ಸೋಡಿಯಂ ಅಸಿಟೇಟ್ ಹಾಕಬೇಕು? ಇದಕ್ಕೆ ಲಾಗ್ ಅಲ್ಲ, ಆಂಟಿಲಾಗ್ ಬೇಕು, ಅದನ್ನು ಯಾರೂ ಕೊಟ್ಟಿರುವುದಿಲ್ಲ. ಆದರೆ 5.04ರಿಂದ 4.74 ಕಳೆದಾಗ ಉಳಿಯುವ 0.30 ಅನ್ನು ಚೌಕಟ್ಟಿನಲ್ಲೇ ಕಾಣಬಹುದು. 0.30 ಯಾವುದರ ಲಾಗ್? ಎರಡರದ್ದು. ಹಾಗಾದರೆ ಲವಣ ಆಮ್ಲದ ಎರಡರಷ್ಟು, 0.2 ಮೋಲ್. ಇಂಥ ಪ್ರಶ್ನೆಗಳಲ್ಲಿ ಚೌಕಟ್ಟನ್ನು ಬಲದಿಂದ ಎಡಕ್ಕೆ ಓದಬೇಕು.

ಇದೆಲ್ಲ ಬರೀ ಪರೀಕ್ಷೆಯ ಸರ್ಕಸ್ಸು ಎನ್ನುವವರಿಗೆ ನಮ್ಮ ಮೈಯಲ್ಲೇ ಇರುವ ಲೆಕ್ಕವೊಂದನ್ನು ತೋರಿಸಬೇಕು. ಈ ಸೂತ್ರಕ್ಕೆ ಹೆಂಡರ್ಸನ್–ಹ್ಯಾಸೆಲ್‌ಬಾಲ್ಕ್ ಸಮೀಕರಣ ಎಂದು ಹೆಸರು. ಅಮೆರಿಕದ ಲಾರೆನ್ಸ್ ಹೆಂಡರ್ಸನ್ 1908ರಲ್ಲಿ ಬಫರ್‌ಗಳ ಸಂಬಂಧವನ್ನು ಲಾಗ್ ಇಲ್ಲದ ರೂಪದಲ್ಲಿ ಬರೆದರು. ಡೆನ್ಮಾರ್ಕಿನ ವೈದ್ಯ ಕಾರ್ಲ್ ಹ್ಯಾಸೆಲ್‌ಬಾಲ್ಕ್ ಅದನ್ನು 1916ರಲ್ಲಿ ಲಾಗ್ ರೂಪಕ್ಕೆ ತಂದರು. ಇಬ್ಬರ ಆಸಕ್ತಿಯೂ ರಕ್ತದ ಮೇಲಿತ್ತು. ರಕ್ತದಲ್ಲಿ ಬೈಕಾರ್ಬನೇಟ್ ಲವಣದ ಜಾಗದಲ್ಲಿದೆ, ಕರಗಿದ ಇಂಗಾಲದ ಡೈಆಕ್ಸೈಡ್ ಆಮ್ಲದ ಜಾಗದಲ್ಲಿದೆ. ಪಿಕೆಎ 6.1. ಆರೋಗ್ಯವಂತರ ರಕ್ತದಲ್ಲಿ ಬೈಕಾರ್ಬನೇಟ್ ಲೀಟರಿಗೆ ಸುಮಾರು 24 ಮಿಲಿಮೋಲ್, ಕರಗಿದ ಡೈಆಕ್ಸೈಡ್ ಸುಮಾರು 1.2. ಅನುಪಾತ 20. log 20 ಎಂದರೆ 1 + 0.30. ಪಿಎಚ್ 6.1 + 1.30 = 7.40. ಪ್ರತಿಯೊಂದು ಐಸಿಯು ವರದಿಯಲ್ಲೂ ಸಹಜ ಎಂದು ಕಾಣುವ 7.40 ಇದೇ.

ಮಧುಮೇಹ ವಿಪರೀತಕ್ಕೆ ಹೋದಾಗ ರಕ್ತದಲ್ಲಿ ಆಮ್ಲಗಳು ಸೇರಿ ಬೈಕಾರ್ಬನೇಟನ್ನು ಖರ್ಚುಮಾಡುತ್ತವೆ. ಅದು 24ರಿಂದ 12ಕ್ಕೆ ಇಳಿಯಿತು, ಡೈಆಕ್ಸೈಡ್ ಮಾತ್ರ ಬದಲಾಗಲಿಲ್ಲ ಎಂದುಕೊಳ್ಳಿ. ಅನುಪಾತ 10, ಲಾಗ್ 1, ಪಿಎಚ್ 7.10. ಸಂಖ್ಯೆ 0.30 ಮಾತ್ರ ಇಳಿದಂತೆ ಕಾಣುತ್ತದೆ. ಆದರೆ 0.30 ಎಂದರೆ ಎರಡರ ಲಾಗ್. ರಕ್ತದಲ್ಲಿ ಹೈಡ್ರೋಜನ್ ಅಯಾನು ದುಪ್ಪಟ್ಟಾಗಿದೆ. ಇದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಅಂಥ ರೋಗಿ ಆಳವಾಗಿ, ಬೇಗಬೇಗ ಉಸಿರಾಡುವುದನ್ನು ವೈದ್ಯರು ನೋಡುತ್ತಾರೆ. ಛೇದದಲ್ಲಿರುವ ಡೈಆಕ್ಸೈಡನ್ನು ಹೊರದಬ್ಬಿ ಅನುಪಾತವನ್ನು ಮತ್ತೆ 20ರ ಕಡೆಗೆ ಏರಿಸಲು ದೇಹ ಮಾಡುವ ಪ್ರಯತ್ನ ಅದು.

ಇಲ್ಲೊಂದು ಸೂಕ್ಷ್ಮವಿದೆ. ಬೀಕರಿನಲ್ಲಿ ತಯಾರಿಸಿದ ಬಫರ್ ಚೆನ್ನಾಗಿ ಕೆಲಸ ಮಾಡುವುದು ಅನುಪಾತ ಹತ್ತನೇ ಒಂದು ಭಾಗದಿಂದ ಹತ್ತರವರೆಗೆ ಇದ್ದಾಗ, ಅಂದರೆ ಪಿಎಚ್ ಪಿಕೆಎಯಿಂದ ಒಂದು ಅಂಕಿಯೊಳಗೆ ಇದ್ದಾಗ. ಹಾಗಾಗಿ ಬಫರ್ ಲೆಕ್ಕದ ಉತ್ತರ ಪಿಕೆಎಯಿಂದ ಒಂದಕ್ಕಿಂತ ಹೆಚ್ಚು ದೂರ ಹೋದರೆ ಲೆಕ್ಕವನ್ನು ಮತ್ತೊಮ್ಮೆ ನೋಡುವುದು ಒಳ್ಳೆಯ ಅಭ್ಯಾಸ. ರಕ್ತ ಈ ಗಡಿಯ ಆಚೆ, 1.3ರಷ್ಟು ದೂರದಲ್ಲಿದೆ. ಆದರೂ ನಡೆಯುತ್ತದೆ, ಏಕೆಂದರೆ ಅದು ಮುಚ್ಚಿದ ಬೀಕರ್ ಅಲ್ಲ. ಶ್ವಾಸಕೋಶ ಒಂದು ಕಡೆಯಿಂದ ಡೈಆಕ್ಸೈಡ್ ತೆಗೆಯುತ್ತಿರುತ್ತದೆ, ಮೂತ್ರಪಿಂಡ ಇನ್ನೊಂದು ಕಡೆಯಿಂದ ಬೈಕಾರ್ಬನೇಟ್ ತುಂಬುತ್ತಿರುತ್ತದೆ.

ಇನ್ನು ದಶಮಾಂಶದ ವಿಚಾರ. log 2 = 0.30 ಎಂದು ಕೊಟ್ಟಿರುವಾಗ 0.3010 ಬಳಸಿದರೆ ತಪ್ಪೇ ಎಂದು ಕೇಳುವುದುಂಟು. ಆಯ್ಕೆಗಳಿರುವ ಪ್ರಶ್ನೆಯಲ್ಲಿ ವ್ಯತ್ಯಾಸವಾಗುವುದಿಲ್ಲ, 4.44 ಮತ್ತು 4.439 ಒಂದೇ ಆಯ್ಕೆಗೆ ಹೋಗುತ್ತವೆ. ಜೆಇಇ ಮೇನ್‌ನ ಸಂಖ್ಯೆ ತುಂಬುವ ಪ್ರಶ್ನೆಗಳಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಉತ್ತರ ಪೂರ್ಣಾಂಕವಾಗಿರಬೇಕಾದ್ದರಿಂದ, ಪಿಎಚ್ ಅನ್ನು 10⁻²ರ ಲೆಕ್ಕದಲ್ಲಿ ಕೇಳಿದರೆ 4.44 ಎಂಬುದು 444 ಆಗುತ್ತದೆ. ಎರಡರ ಲಾಗನ್ನು ಅನೇಕ ಸಲ ಬಳಸುವ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸವೂ ಬೆಳೆಯುತ್ತದೆ. 64ರ ಲಾಗ್ 0.30ರಂತೆ 1.80, 0.3010ರಂತೆ 1.806, ಎರಡು ದಶಮಾಂಶಕ್ಕೆ ಇಳಿಸಿದರೆ ಒಂದು 1.80, ಇನ್ನೊಂದು 1.81. ಪೂರ್ಣಾಂಕ ಒಂದರಿಂದ ತಪ್ಪಿದರೂ ಅಂಕ ಹೋಗುತ್ತದೆ. ಆದ್ದರಿಂದ ಕೊಟ್ಟ ಬೆಲೆಯನ್ನು ಕೊಟ್ಟಂತೆಯೇ ಬಳಸಬೇಕು. ಪ್ರಶ್ನೆ ಬರೆದವರ ಉತ್ತರವೂ ಅದೇ ಬೆಲೆಯಿಂದ ಬಂದದ್ದು.

ಪ್ರಯೋಗಾಲಯದಲ್ಲಂತೂ ಈ ಮೂರನೆಯ ದಶಮಾಂಶಕ್ಕೆ ಅರ್ಥವೇ ಇಲ್ಲ. 0.1 ಮೋಲಾರ್ ಅಸಿಟಿಕ್ ಆಮ್ಲ ಮತ್ತು 0.1 ಮೋಲಾರ್ ಸೋಡಿಯಂ ಅಸಿಟೇಟ್ ಇರುವ ದ್ರಾವಣಕ್ಕೆ ಸೂತ್ರ 4.74 ಎನ್ನುತ್ತದೆ. ಸರಿಯಾಗಿ ಹೊಂದಿಸಿದ ಪಿಎಚ್ ಮೀಟರ್ ಅದ್ದಿದರೆ ಸುಮಾರು 4.65 ತೋರಿಸುತ್ತದೆ. ದ್ರಾವಣದಲ್ಲಿ ಅಯಾನುಗಳು ಒತ್ತೊತ್ತಾಗಿರುವಾಗ ಒಂದರ ಪ್ರಭಾವ ಇನ್ನೊಂದರ ಮೇಲೆ ಬೀಳುತ್ತದೆ, ಸೂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಡಿಗ್ರಿ ತರಗತಿಗೆ ಹೋಗಿ ಮೀಟರ್ ಹಿಡಿದ ಮೊದಲ ದಿನ ತಾನು ದ್ರಾವಣವನ್ನು ತಪ್ಪಾಗಿ ಮಾಡಿದೆನೇನೋ ಎಂದು ಕಂಗಾಲಾಗುವ ವಿದ್ಯಾರ್ಥಿಗೆ ಇದನ್ನು ಮೊದಲೇ ಹೇಳಿರಬೇಕಿತ್ತು.

ಪಿಯು ಕಾಲೇಜುಗಳಲ್ಲಿ, ಕೋಚಿಂಗ್ ತರಗತಿಗಳಲ್ಲಿ ಅಭ್ಯಾಸ ಪರೀಕ್ಷೆ ಬರೆಸುವ ಉಪನ್ಯಾಸಕರಲ್ಲಿ ನನ್ನದೊಂದು ಕೋರಿಕೆ. ಹತ್ತು ಬಫರ್ ಪ್ರಶ್ನೆ ಕೊಡುವಾಗ ಎರಡರಲ್ಲಾದರೂ ಚೌಕಟ್ಟನ್ನು ಖಾಲಿ ಬಿಡಿ. ಪಿಎಚ್ ಎಷ್ಟು ಎಂದು ಕೇಳಬೇಡಿ. ಈ ಲೆಕ್ಕಕ್ಕೆ ಯಾವ ಸಂಖ್ಯೆಯ ಲಾಗ್ ಬೇಕು ಎಂದು ಮಾತ್ರ ಕೇಳಿ. ಅದಕ್ಕೆ ಉತ್ತರ ಬರೆಯಬೇಕಾದರೆ ಮಗು ಮಿಲಿಮೋಲ್ ಎಣಿಸಲೇಬೇಕು, ಯಾವುದು ಖರ್ಚಾಯಿತು, ಯಾವುದು ಉಳಿಯಿತು ಎಂದು ನೋಡಲೇಬೇಕು, ಬಫರ್ ಹೌದೋ ಅಲ್ಲವೋ ಎಂದು ತೀರ್ಮಾನಿಸಲೇಬೇಕು. ಉಳಿದದ್ದು ಕೂಡುವ ಕಳೆಯುವ ಕೆಲಸ, ಅದನ್ನು ಅವರು ಮಾಡಿಕೊಳ್ಳುತ್ತಾರೆ.